ಅಡುಗೆ ವಿಡಿಯೊದಲ್ಲಿ ಮನೆ ಅಡ್ರೆಸ್ ಎಲ್ಲಿಂದ ಸಿಕ್ಕಿತು?

ಪ್ರಶ್ನೆ: ಸರ್, ನಾನು ಶಿವಮೊಗ್ಗದವಳು. ಮೂರು ವರ್ಷದಿಂದ ಮನೆಯಲ್ಲೇ ಅಡುಗೆ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕುತ್ತಿದ್ದೇನೆ. ಊರಿನ ಹೆಸರು ಬಿಟ್ಟರೆ ಬಡಾವಣೆ, ರಸ್ತೆ ಯಾವುದನ್ನೂ ಎಲ್ಲೂ ಹೇಳಿಲ್ಲ. ಹೋದ ವಾರ ಯಾರೋ ಕಾಮೆಂಟ್‌ನಲ್ಲಿ ನಮ್ಮ ಬಡಾವಣೆ ಹೆಸರು ಬರೆದು "ನಿಮ್ಮ ಮನೆ ನೀರಿನ ಟ್ಯಾಂಕ್ ಹಿಂದಿನ ರಸ್ತೇಲಿ ಅಲ್ವಾ?" ಅಂತ ಕೇಳಿದ್ದಾರೆ. ಅದು ನಿಜ. ತುಂಬಾ ಭಯ ಆಗಿದೆ. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಇಬ್ಬರೂ ವಿಡಿಯೊದಲ್ಲಿ ಬರುತ್ತಾರೆ. ಯಜಮಾನರು ಚಾನೆಲ್ ನಿಲ್ಲಿಸು ಅಂತಿದ್ದಾರೆ. ಮಕ್ಕಳ ಮುಖ ಬ್ಲರ್ ಮಾಡಿದರೆ ಸಾಕಾ? ಹಳೇ ವಿಡಿಯೊ ಎಲ್ಲ ತೆಗೆಯಬೇಕಾ? ನಾಲ್ಕು ಲಿಂಕ್ ಕಳಿಸಿದ್ದೇನೆ, ನೋಡಿ.

ಉತ್ತರ: ಚಾನೆಲ್ ನಿಲ್ಲಿಸಬೇಕಾಗಿಲ್ಲ. ಆದರೆ ಮುಖ ಬ್ಲರ್ ಮಾಡಿದರೆ ಸಾಲದು. ನಿಮ್ಮ ಮನೆ ಗೊತ್ತಾಗಿದ್ದು ಯಾರ ಮುಖದಿಂದಲೂ ಅಲ್ಲ. ನಾಲ್ಕೂ ವಿಡಿಯೊ ನೋಡಿದೆ. ಆ ಕಾಮೆಂಟ್ ಹಾಕಿದವರು ಹಿಡಿದಿರಬಹುದಾದ ದಾರಿಯಲ್ಲೇ ನಾನೂ ಹೋದೆ. ಯಾವ ವಿಶೇಷ ಸಾಫ್ಟ್‌ವೇರೂ ಬೇಕಾಗಲಿಲ್ಲ.

ಅಕ್ಕಿರೊಟ್ಟಿ ವಿಡಿಯೊದಲ್ಲಿ ನಿಮ್ಮ ಎಡಭುಜದ ಹಿಂದೆ ಒಂದು ಕ್ಯಾಲೆಂಡರ್ ಇದೆ. ಯಾವುದೋ ಸೌಹಾರ್ದ ಸಹಕಾರಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಕೆಳಗಡೆ ಶಾಖೆಯ ಹೆಸರಿದೆ, ಫೋನ್ ನಂಬರೂ ಇದೆ. ಮೊಬೈಲ್‌ನಲ್ಲಿ ನೋಡಿದರೆ ಅದು ಬರೀ ಕೆಂಪು ಪಟ್ಟಿ. ಆದರೆ ನೀವು 4ಕೆಯಲ್ಲಿ ಅಪ್‌ಲೋಡ್ ಮಾಡಿದ್ದೀರಿ. ಕಂಪ್ಯೂಟರ್‌ನಲ್ಲಿ ನಿಲ್ಲಿಸಿ ಹಿಗ್ಗಿಸಿದರೆ ಅಕ್ಷರ ಒಂದೊಂದೂ ಓದಬಹುದು. ಆ ಶಾಖೆ ಇರುವುದೇ ನಿಮ್ಮ ಬಡಾವಣೆಯಲ್ಲಿ. ಇಂಥ ಕ್ಯಾಲೆಂಡರನ್ನು ಸಾಮಾನ್ಯವಾಗಿ ಹತ್ತಿರದವರಿಗೇ ಹಂಚುತ್ತಾರೆ ಅಲ್ವಾ? ಅಲ್ಲಿಗೆ ಒಂದು ಊರು ಒಂದು ಬಡಾವಣೆಗೆ ಇಳಿಯಿತು.

ಕೋಡುಬಳೆ ವಿಡಿಯೊದಲ್ಲಿ ಕಿಟಕಿ ತೆರೆದಿದೆ. ಹೊರಗೆ ದುಂಡನೆಯ ನೀರಿನ ಟ್ಯಾಂಕ್, ಅದರ ಎಡಕ್ಕೆ ಒಂದು ಮೊಬೈಲ್ ಟವರ್. ನೀವು "ಸಂಜೆ ಕಾಫಿಗೆ" ಅನ್ನುತ್ತೀರಿ, ಅದೇ ಹೊತ್ತಿಗೆ ಬಿಸಿಲು ಕಿಟಕಿಯಿಂದ ನೇರವಾಗಿ ಒಳಗೆ ಬೀಳುತ್ತಿದೆ. ಅಂದರೆ ಕಿಟಕಿ ಪಶ್ಚಿಮಕ್ಕಿದೆ, ಟ್ಯಾಂಕ್ ಮನೆಯ ಪಶ್ಚಿಮಕ್ಕಿದೆ, ಮನೆ ಟ್ಯಾಂಕಿನ ಪೂರ್ವಕ್ಕಿದೆ. ಎದುರು ಮನೆಯ ತಾರಸಿ ಮೇಲಿನ ಸಿಂಟೆಕ್ಸ್ ಕಣ್ಣಿನ ಮಟ್ಟಕ್ಕೆ ಕಾಣುತ್ತಿರುವುದರಿಂದ ನೀವಿರುವುದು ನೆಲಮಹಡಿಯಲ್ಲಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಸ್ಯಾಟಲೈಟ್ ಚಿತ್ರ ಹಾಕಿ ನೋಡಿದೆ. ಆ ಬಡಾವಣೆಯಲ್ಲಿ ದುಂಡು ಟ್ಯಾಂಕ್ ಇರುವುದು ಒಂದೇ. ಅದರ ಪೂರ್ವಕ್ಕೆ ಒಂದೇ ರಸ್ತೆ. ಕಾಮೆಂಟ್‌ನಲ್ಲಿ ಬಂದದ್ದೂ ಅಷ್ಟೇ.

ಇದು ನಿಮಗೊಬ್ಬರಿಗೇ ಆಗಿದ್ದಲ್ಲ. 2019ರಲ್ಲಿ ಟೋಕಿಯೊದಲ್ಲಿ ಒಬ್ಬ ಗಾಯಕಿಯ ಮೇಲೆ ಅವರ ಮನೆ ಹತ್ತಿರವೇ ಹಲ್ಲೆ ಆಯಿತು. ಸಿಕ್ಕಿಬಿದ್ದವನು ಅವರ ಸೆಲ್ಫಿಯಲ್ಲಿ ಕಣ್ಣಿನ ಪಾಪೆಯೊಳಗೆ ಪ್ರತಿಫಲಿಸಿದ್ದ ರೈಲ್ವೆ ಸ್ಟೇಷನ್ನನ್ನು ಗೂಗಲ್ ಸ್ಟ್ರೀಟ್ ವ್ಯೂನ ರಸ್ತೆ ಫೋಟೋಗಳ ಜೊತೆ ಹೋಲಿಸಿ ಯಾವ ಸ್ಟೇಷನ್ ಅಂತ ಪತ್ತೆ ಹಚ್ಚಿದ್ದ. ಮನೆಯಲ್ಲಿ ತೆಗೆದ ವಿಡಿಯೊಗಳಲ್ಲಿ ಕರ್ಟನ್ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬರುತ್ತದೆ ಅನ್ನುವುದನ್ನೂ ಗಮನಿಸಿದ್ದ ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಿಮ್ಮ ಕೋಡುಬಳೆ ವಿಡಿಯೊದಲ್ಲಿ ನಾನು ಮಾಡಿದ ಲೆಕ್ಕವೂ ಅದೇ ತರಹದ್ದು.

ಗಮನಿಸಿ, ಕ್ಯಾಲೆಂಡರ್ ಒಂದೇ ಇದ್ದಿದ್ದರೆ ಬಡಾವಣೆಯಷ್ಟೇ ಗೊತ್ತಾಗುತ್ತಿತ್ತು. ಟ್ಯಾಂಕ್ ಒಂದೇ ಇದ್ದಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ, ಎಲ್ಲ ಊರಲ್ಲೂ ಟ್ಯಾಂಕ್ ಇರುತ್ತದೆ. ಬೇರೆ ಬೇರೆ ತಿಂಗಳು ಹಾಕಿದ ಎರಡು ವಿಡಿಯೊ ಒಟ್ಟು ಸೇರಿದಾಗ ರಸ್ತೆ ಸಿಕ್ಕಿತು. ಹಾಗಾಗಿ ಈ ವಿಡಿಯೊದಲ್ಲಿ ಏನು ಕಾಣುತ್ತದೆ ಅಂತ ಮಾತ್ರ ನೋಡಿದರೆ ಆಗುವುದಿಲ್ಲ. ಹಿಂದಿನದರಲ್ಲಿ ಏನು ಬಿಟ್ಟುಕೊಟ್ಟಿದ್ದೇನೆ ಅನ್ನುವುದೂ ನೆನಪಿರಬೇಕು.

ಉಳಿದೆರಡು ಲಿಂಕ್‌ಗಳ ಬಗ್ಗೆ ಆ ಮನುಷ್ಯ ಏನೂ ಹೇಳಿಲ್ಲ. ನನಗೆ ಜಾಸ್ತಿ ಗಾಬರಿಯಾಗಿದ್ದು ಅದರಲ್ಲೇ, ಅದೂ ಮಗಳ ಬರ್ತ್‌ಡೇ ವಿಡಿಯೊ ನೋಡಿ. ಕೇಕ್ ಮೇಲೆ ಪೂರ್ತಿ ಹೆಸರಿದೆ. ಮೇಲೆ 7 ಅನ್ನುವ ಮೇಣದಬತ್ತಿ ಇದೆ. "ಇವತ್ತು ನಮ್ಮ ಪಾಪು ಬರ್ತ್‌ಡೇ" ಅಂತ ನೀವೇ ಹೇಳಿದ್ದೀರಿ, ಅದೇ ದಿನ ಅಪ್‌ಲೋಡ್ ಆಗಿದೆ. ಹಿಂದೆ ಕುರ್ಚಿಯ ಮೇಲೆ ಯೂನಿಫಾರ್ಮ್, ಅದರ ಜೊತೆ ಐಡಿ ಕಾರ್ಡಿನ ಪಟ್ಟಿ. ಪಟ್ಟಿಯುದ್ದಕ್ಕೂ ಶಾಲೆಯ ಹೆಸರು. ಹೆಸರು, ಹುಟ್ಟಿದ ದಿನ, ಶಾಲೆ, ಅಮ್ಮನ ಧ್ವನಿ, ಎಲ್ಲ ಒಂದೇ ಕಡೆ. ಶಾಲೆ ಗೇಟಿನ ಹತ್ತಿರ ಹೋಗಿ "ಅಮ್ಮ ಕಳಿಸಿದ್ದಾರೆ ಪುಟ್ಟಾ" ಅನ್ನಲು ಇದಕ್ಕಿಂತ ಜಾಸ್ತಿ ಏನು ಬೇಕು? ಇಲ್ಲಿ ಮುಖ ಬ್ಲರ್ ಮಾಡಿದ್ದರೂ ಉಳಿದದ್ದೆಲ್ಲ ಹಾಗೇ ಇರುತ್ತಿತ್ತು. ಈ ವಿಡಿಯೊವನ್ನು ಇದನ್ನು ಓದಿದ ಕೂಡಲೇ Private ಮಾಡಿ. ಉಳಿದದ್ದಕ್ಕೆ ಸಮಯವಿದೆ.

ಇನ್ನು ಮುಂದಿನ ಶೂಟಿಂಗ್. ಎಡಿಟಿಂಗ್‌ನಲ್ಲಿ ಮುಚ್ಚಿದರಾಯಿತು ಅನ್ನುವ ಯೋಚನೆ ಬಿಡಿ. ಕ್ಯಾಮೆರಾಗೆ ಬೀಳದ್ದನ್ನು ಮುಚ್ಚುವ ಕೆಲಸವೇ ಇಲ್ಲ. ಅಡುಗೆಮನೆಯಲ್ಲಿ ಒಂದು ಮೂಲೆ ಗೊತ್ತು ಮಾಡಿಕೊಳ್ಳಿ. ಹಿಂದೆ ಕಿಟಕಿ ಇರಬಾರದು, ಬಾಗಿಲು ಇರಬಾರದು, ಬರೀ ಟೈಲ್ಸ್ ಗೋಡೆ ಅಥವಾ ಡಬ್ಬಗಳ ಶೆಲ್ಫ್ ಇರಲಿ. ಕಿಟಕಿ ಕ್ಯಾಮೆರಾದ ಹಿಂದಿರಲಿ. ಆಗ ಬೆಳಕೂ ನಿಮ್ಮ ಮುಖಕ್ಕೆ ಚೆನ್ನಾಗಿ ಬೀಳುತ್ತದೆ, ಹೊರಗಿನದೂ ಕಾಣುವುದಿಲ್ಲ. ಟ್ರೈಪಾಡ್ ಕಾಲು ಎಲ್ಲಿ ಬರಬೇಕು ಅಂತ ನೆಲಕ್ಕೆ ಮೂರು ತುಂಡು ಟೇಪ್ ಅಂಟಿಸಿಬಿಡಿ. ಪ್ರತಿ ಸಲ ಅದೇ ಜಾಗ, ಅದೇ ಕೋನ. ನೂರು ವಿಡಿಯೊ ಮಾಡಿದರೂ ಜನಕ್ಕೆ ಕಾಣುವುದು ಆ ಒಂದು ಗೋಡೆ ಮಾತ್ರ.

ಫೋನಿನ 0.5 ಲೆನ್ಸ್ ಬಳಸಬೇಡಿ. ಅಕ್ಕಿರೊಟ್ಟಿ ವಿಡಿಯೊ ನೀವು ಅದರಲ್ಲೇ ತೆಗೆದಂತಿದೆ, ಅಂಚಿನ ಗೆರೆಗಳು ಬಾಗಿವೆ. ಅದು ಅಕ್ಕಪಕ್ಕದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ಹಿಂದೆ ನಿಲ್ಲಿಸಿ 1 ಅಥವಾ 2ರಲ್ಲಿ ತೆಗೆಯಿರಿ. ಅಪ್‌ಲೋಡ್ 1080ಪಿ ಸಾಕು. 4ಕೆಯಲ್ಲಿ ಅದರ ನಾಲ್ಕು ಪಟ್ಟು ಪಿಕ್ಸೆಲ್ ಇರುತ್ತದೆ. ಪಾತ್ರೆಯಲ್ಲಿ ಒಗ್ಗರಣೆ ಸಿಡಿಯುವುದು ನೋಡಲು ಅದು ಬೇಕಿಲ್ಲ, ಕ್ಯಾಲೆಂಡರ್ ಓದಲು ಮಾತ್ರ ಉಪಯೋಗ. ಹಾಗೇ ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ನಂಬಬೇಡಿ. ನೀವು ಕೈ ಎತ್ತಿದಾಗ, ತಿರುಗಿದಾಗ ಅದಕ್ಕೆ ಅಂಚು ತಪ್ಪುತ್ತದೆ. ಆ ಕ್ಷಣಕ್ಕೆ ಹಿಂದಿನದು ಸ್ಪಷ್ಟವಾಗಿ ಕಂಡುಬಿಡುತ್ತದೆ.

ಶೂಟಿಂಗ್‌ಗೆ ಮೊದಲು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಟಿವಿಯಲ್ಲೋ ಕಂಪ್ಯೂಟರಿನಲ್ಲೋ ಹಾಕಿ ನೋಡಿ. ನಡುವಿನದು ಬೇಡ, ನಾಲ್ಕು ಮೂಲೆ ನೋಡಿ. ಅಡುಗೆಮನೆಯಲ್ಲಿ ನಾನು ಮೊದಲು ಹುಡುಕುವುದು ಅಕ್ಷರ ಇರುವ ಸಾಮಾನು. ಫ್ರಿಜ್ ಮೇಲೆ ಸಿಕ್ಕಿಸಿದ ಕರೆಂಟ್ ಬಿಲ್‌ನಲ್ಲಿ ಮೆಸ್ಕಾಂ ಅಂತಿದ್ದರೆ ಯಾವ ಸೀಮೆ ಅಂತ ಗೊತ್ತಾಯಿತು, ಆರ್‌ಆರ್ ನಂಬರ್ ಕಂಡರೆ ಸಂಪರ್ಕವೇ ಗೊತ್ತಾಯಿತು. ಹಾಲಿನ ಪ್ಯಾಕೆಟ್ ಹಿಂದೆ ಪ್ಯಾಕ್ ಮಾಡಿದ ಡೇರಿಯ ವಿಳಾಸ ಇರುತ್ತದೆ. ಬೇಕರಿ ಡಬ್ಬ, ಮೆಡಿಕಲ್ ಶಾಪ್ ಕವರ್, ಮದುವೆಯಲ್ಲಿ ಕೊಟ್ಟ ಬ್ಯಾಗು ಇವೆಲ್ಲ ಊರು, ಅಂಗಡಿ ಹೇಳುತ್ತವೆ. ಕೊರಿಯರ್ ಬಾಕ್ಸ್ ಅಂತೂ ಹೆಸರು, ವಿಳಾಸ, ಫೋನ್ ಮೂರನ್ನೂ ಹೊತ್ತುಕೊಂಡೇ ಬಂದಿರುತ್ತದೆ. ಲೇಬಲ್ ಕಿತ್ತ ಮೇಲೇ ಅದನ್ನು ಅಡುಗೆಮನೆ ಒಳಗೆ ತನ್ನಿ.

ಬಾಗಿಲ ಪಕ್ಕದ ಬೀಗದ ಕೈ ಗೊಂಚಲೂ ಕಾಣಬಾರದು. ಇದು ಅತಿಯಾಯಿತು ಅನ್ನಿಸಬಹುದು. 2008ರಲ್ಲೇ ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ದೂರದಿಂದ ತೆಗೆದ ಬೀಗದ ಕೈ ಫೋಟೋ ನೋಡಿಯೇ ಅದರ ನಕಲು ಮಾಡಲು ಬೇಕಾದ ಅಳತೆ ತೆಗೆದು ತೋರಿಸಿದ್ದರು.

ಸ್ಟೀಲ್ ಪಾತ್ರೆ ಇರುವ ಮನೆಗೆ ಇನ್ನೊಂದು ಕಾಟ, ಪ್ರತಿಬಿಂಬ. ನಿಮ್ಮ ನಾಲ್ಕನೇ ಲಿಂಕ್, ಹೋಳಿಗೆ ವಿಡಿಯೊ. ಕುಕ್ಕರ್ ಮುಚ್ಚಳ ಬಾಗಿರುವುದರಿಂದ ಕಿಟಕಿ, ನೀವು, ಕ್ಯಾಮೆರಾ ಹಿಡಿದವರು ಎಲ್ಲ ಚಿಕ್ಕದಾಗಿ ಅದರಲ್ಲಿದ್ದಾರೆ. ಮೈಕ್ರೋವೇವ್ ಬಾಗಿಲಿನ ಕಪ್ಪು ಗಾಜಂತೂ ಕನ್ನಡಿಯೇ. ಅದರಲ್ಲಿ ಮಗ ಬರೀ ಚಡ್ಡಿಯಲ್ಲಿ ಓಡಾಡುವುದು ಪೂರ್ತಿ ಕಾಣುತ್ತದೆ. ನೀವು ಎಡಿಟ್ ಮಾಡುವಾಗ ಹೋಳಿಗೆ ನೋಡುತ್ತಿದ್ದಿರಿ, ಗಾಜು ನೋಡಲಿಲ್ಲ. ಗಾಜಿಗೆ ಒಂದು ಟವಲ್ ಹಾಕಿ, ಕುಕ್ಕರನ್ನು ಆಚೆ ಇಡಿ. ಕೆಲಸ ಮುಗಿಯಿತು.

ಅದೇ ವಿಡಿಯೊದಲ್ಲಿ ಹೊರಗಿನ ಸದ್ದೂ ಇದೆ. ದೇವಸ್ಥಾನದ ಮೈಕಿನಲ್ಲಿ "ಇಂದು ಸಂಜೆ ಆರು ಗಂಟೆಗೆ..." ಅಂತ ದೇವಸ್ಥಾನದ ಹೆಸರು ಸಮೇತ ಹೇಳುತ್ತಿದ್ದಾರೆ. ಬೆಳಗ್ಗೆ ಕಸದ ಗಾಡಿ, ತರಕಾರಿಯವರ ಮೈಕು, ಶಾಲೆ ಗಂಟೆ, ಸ್ಟೇಷನ್ ಹತ್ತಿರವಿದ್ದರೆ ರೈಲಿನ ಪ್ರಕಟಣೆ. ಚಿತ್ರವನ್ನು ನಾಲ್ಕು ಸಲ ನೋಡುವವರೂ ಸದ್ದನ್ನು ಒಂದು ಸಲ ಗಮನವಿಟ್ಟು ಕೇಳುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು, ಪರದೆ ನೋಡದೆ ಒಂದು ಸಲ ಪೂರ್ತಿ ಕೇಳಿ. ಇದಕ್ಕಿಂತ ಸುಲಭದ ದಾರಿ ಅಂದರೆ ಶೂಟಿಂಗ್ ಸದ್ದನ್ನು ಪೂರ್ತಿ ತೆಗೆದು, ಆಮೇಲೆ ಬಾಗಿಲು ಹಾಕಿದ ರೂಮಿನಲ್ಲಿ ಕುಳಿತು ಮಾತು ಸೇರಿಸುವುದು. ಒಗ್ಗರಣೆಯ ಚಟಪಟ ಬೇಕಾದ ಕಡೆ ಮಾತ್ರ ಮೂಲ ಸದ್ದು ಉಳಿಸಿ. ಮಕ್ಕಳನ್ನು ಹೆಸರು ಹಿಡಿದು ಕರೆದದ್ದೂ ಇದರಲ್ಲೇ ಹೋಗುತ್ತದೆ. ಕ್ಯಾಮೆರಾ ಮುಂದೆ ಕರೆಯಲೇಬೇಕಾದರೆ ಪಾಪು, ಪುಟ್ಟಿ ಸಾಕು.

ಈಗ ಮಕ್ಕಳ ಮುಖ. ನನ್ನನ್ನು ಕೇಳಿದರೆ ಮಕ್ಕಳ ಕೈ ತೋರಿಸಿ, ಮುಖ ತೋರಿಸಬೇಡಿ. ಹಿಟ್ಟು ನಾದುವ ಪುಟ್ಟ ಕೈ, ಹಿಂದಿನಿಂದ ಕಾಣುವ ಜಡೆ, ಇಷ್ಟರಲ್ಲೇ ಮಗು ಮನೆಯಲ್ಲಿದೆ ಅನ್ನುವ ಖುಷಿ ನೋಡುವವರಿಗೆ ಸಿಗುತ್ತದೆ. ಟ್ರೈಪಾಡ್ ತಗ್ಗಿಸಿ ಕಟ್ಟೆ ಕಡೆ ತಿರುಗಿಸಿದರೆ ಮುಖ ಬರುವುದೇ ಇಲ್ಲ. ಏಳು ವರ್ಷದ ಹುಡುಗಿಗೆ ಬೇಡ ಅನ್ನಲೂ ಗೊತ್ತಿರುತ್ತದೆ, ಒಮ್ಮೆ ಕೇಳಿ ನೋಡಿ.

ಆದರೂ ಮಗ ಓಡಿ ಬಂದೇ ಬಿಡುತ್ತಾನೆ. ಆ ತುಂಡನ್ನು ಕತ್ತರಿಸಲು ಆಗುವುದಿಲ್ಲ ಅಂದರೆ ಮುಖ ಮುಚ್ಚಬೇಕು. ಮುಖವನ್ನು ತಾನೇ ಹುಡುಕಿ, ಅದರ ಮೇಲೆ ಸ್ಟಿಕ್ಕರ್ ಅಂಟಿಸಿ ಹಿಂಬಾಲಿಸುವ ಆಪ್‌ಗಳಿವೆ. ಅವು ಎಲ್ಲಿ ಸೋಲುತ್ತವೆ ಗೊತ್ತಿರಲಿ. ಮಗು ಚೌಕಟ್ಟಿನೊಳಗೆ ಬರುವ ಕ್ಷಣ, ಪಕ್ಕಕ್ಕೆ ತಿರುಗುವ ಕ್ಷಣ, ನಿಮ್ಮ ಕೈ ಅಡ್ಡ ಬಂದು ಸರಿಯುವ ಕ್ಷಣ. ಆ ಹೊತ್ತಿಗೆ ಸ್ಟಿಕ್ಕರ್ ಒಂದೆರಡು ಫ್ರೇಮ್ ತಡವಾಗುತ್ತದೆ. ಸಾಮಾನ್ಯ ಫೋನ್ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್, ಹಾಗಾಗಿ ಓಡುವಾಗ ನಿಮ್ಮ ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ನಿಲ್ಲಿಸಿ ಅಲ್ಪವಿರಾಮ ಅಥವಾ ಚುಕ್ಕಿಯ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತದೆ. ಮುಖ ಮುಚ್ಚದ ಒಂದು ಫ್ರೇಮ್ ಸಿಕ್ಕರೂ ಫೋಟೋ ಸಿಕ್ಕಂತೆಯೇ. ಅದಕ್ಕೇ ಸ್ಟಿಕ್ಕರನ್ನು ಮುಖ ಬರುವುದಕ್ಕೆ ಹತ್ತು ಫ್ರೇಮ್ ಮೊದಲೇ ಶುರುಮಾಡಿ, ಹೋದ ಮೇಲೆ ಹತ್ತು ಫ್ರೇಮ್ ಬಿಟ್ಟು ತೆಗೆಯಿರಿ. ಮುಖಕ್ಕಿಂತ ಒಂದೂವರೆ ಪಟ್ಟು ದೊಡ್ಡದಿರಲಿ. ತಿರುಗುವ ಕಡೆ, ಸ್ಟಿಕ್ಕರ್ ಯಾವ ಕ್ಷಣಕ್ಕೆ ಎಲ್ಲಿರಬೇಕು ಅಂತ ಕೈಯಿಂದಲೇ ಕೀಫ್ರೇಮ್ ಹಾಕಿ ಸರಿಸಿ. ಮುಗಿದ ಮೇಲೆ ನೀವೂ ಅದೇ ರೀತಿ ಫ್ರೇಮ್ ಫ್ರೇಮ್ ಸರಿಸಿ ನೋಡಿ.

ಮಸುಕೋ ಸ್ಟಿಕ್ಕರೋ? ಮುಖಕ್ಕೆ ದಟ್ಟ ಮಸುಕು ನಡೆಯುತ್ತದೆ, ಆದರೆ ಒಳಗೆ ಕಾಣದ ಬಣ್ಣದ ಸ್ಟಿಕ್ಕರ್ ಇನ್ನೂ ಗಟ್ಟಿ. ಅಕ್ಷರ, ಅಂಕಿಗೆ ಮಾತ್ರ ಮಸುಕು, ಚಿತ್ರವನ್ನು ದೊಡ್ಡ ಚೌಕಗಳಾಗಿ ಒಡೆಯುವ ಚೌಕಳಿ ಎರಡೂ ಬೇಡ. ಫೋನ್ ನಂಬರಿನಲ್ಲಿ ಪ್ರತಿ ಜಾಗಕ್ಕೆ ಇರಬಹುದಾದದ್ದು ಹತ್ತೇ ಅಂಕಿ. ಅವನ್ನು ಒಂದೊಂದಾಗಿ ಅದೇ ತರಹ ಚೌಕಳಿ ಮಾಡಿ ಹೋಲಿಸಿದರೆ ಮೂಲ ಊಹಿಸಬಹುದು. ಪೂರ್ತಿ ಕಪ್ಪು ಪಟ್ಟಿ ಹಾಕಿ. ಕ್ಯೂಆರ್ ಕೋಡನ್ನು ಅರ್ಧ ಮುಚ್ಚಿ ಸುಮ್ಮನಾಗಬೇಡಿ. ಅದರಲ್ಲಿ ಹಾಳಾದ ಭಾಗವನ್ನು ತಾನೇ ತುಂಬಿಕೊಳ್ಳುವ ವ್ಯವಸ್ಥೆ ಇದೆ. ಎಲ್ಲಕ್ಕಿಂತ ಗಟ್ಟಿಯಾದ ಬಗೆಯಲ್ಲಿ ನೂರಕ್ಕೆ ಸುಮಾರು 30 ಭಾಗದಷ್ಟು ಹೋದರೂ ಓದುತ್ತದೆ. ಯುಪಿಐ ಕ್ಯೂಆರ್ ಆದರೆ ನಿಮ್ಮ ಹೆಸರೂ ಬಂತು.

ಥಂಬ್‌ನೇಲ್ ಮರೆಯಬೇಡಿ. ವಿಡಿಯೊದಲ್ಲಿ ಅಚ್ಚುಕಟ್ಟಾಗಿ ಮುಖ ಮುಚ್ಚಿ, ಥಂಬ್‌ನೇಲ್‌ಗೆ ಎಡಿಟ್ ಮಾಡದ ಕ್ಲಿಪ್ಪಿನಿಂದ ಚಿತ್ರ ತೆಗೆದು ಹಾಕಿದವರನ್ನು ಎಷ್ಟೋ ಸಲ ನೋಡಿದ್ದೇನೆ. ಶಾರ್ಟ್ಸ್, ಸ್ಟೇಟಸ್‌ಗೂ ಇದೇ ಮಾತು. ಅತ್ತೆಯವರು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ, ಅತ್ತಿಗೆ ಇನ್‌ಸ್ಟಾಗ್ರಾಂಗೆ ಹಾಕುವ ಫೋಟೋದಲ್ಲಿ ಅದೇ ಫ್ರಾಕು, ಅದೇ ಗೋಡೆ, ಮುಖ ಮಾತ್ರ ಬಯಲು ಅಂದರೆ ನಿಮ್ಮ ಸ್ಟಿಕ್ಕರ್ ವ್ಯರ್ಥ. ಮನೆಯವರಿಗೆ ಮೊದಲೇ ಹೇಳಿಡಿ.

ಫೈಲಿನ ಒಳಗೂ ಜಾಗ ಅಡಗಿರುತ್ತದೆ. ಕ್ಯಾಮೆರಾದಲ್ಲಿ ಲೊಕೇಷನ್ ಆನ್ ಇದ್ದರೆ ಶೂಟ್ ಮಾಡಿದ ಜಾಗದ ಅಕ್ಷಾಂಶ, ರೇಖಾಂಶ ಅದರೊಳಗೆ ಬರೆದಿರುತ್ತದೆ. ಯೂಟ್ಯೂಬ್ ಅದನ್ನು ನೋಡುಗರಿಗೆ ತೋರಿಸುವುದಿಲ್ಲ, ಹಾಗಾಗಿ ನಿಮ್ಮ ಸಿಕ್ಕಿಬಿದ್ದ ಕಥೆಗೆ ಇದು ಕಾರಣವಲ್ಲ. ಅಪಾಯ ಬರುವುದು ಮೂಲ ಫೈಲನ್ನೇ ಕಳಿಸುವಾಗ. ಎಡಿಟರ್‌ಗೋ ಜಾಹೀರಾತಿನವರಿಗೋ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ, ಇಲ್ಲವೇ ಡ್ರೈವ್ ಲಿಂಕಿನಲ್ಲಿ ಕೊಟ್ಟರೆ ಅದೂ ಜೊತೆಗೇ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಷನ್ ಟ್ಯಾಗ್ ಆಫ್ ಮಾಡಿ. ಹಳೇ ಫೈಲ್ ಕಳಿಸಬೇಕಾದರೆ ಕಂಪ್ಯೂಟರಿನಲ್ಲಿ ffmpeg ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಕಮಾಂಡ್ ಬರೆಯುವ ಕಡೆ ಈ ಒಂದು ಸಾಲು ಕೊಟ್ಟರೆ ಸಾಕು. mula.mp4 ಇರುವಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ, hosa.mp4 ಅಂತ ಬರುವುದನ್ನು ಕಳಿಸಿ. ಚಿತ್ರದ ಗುಣಮಟ್ಟ ಸ್ವಲ್ಪವೂ ಕಡಿಮೆಯಾಗುವುದಿಲ್ಲ:

```
ffmpeg -i mula.mp4 -map_metadata -1 -c copy hosa.mp4
```

ಹಳೇ ವಿಡಿಯೊಗಳ ವಿಷಯಕ್ಕೆ ಬರೋಣ. ಎಲ್ಲ ಅಳಿಸುವುದು ಬೇಡ. ಜನ ಜಾಸ್ತಿ ನೋಡಿದ ವಿಡಿಯೊಗಳಿಂದ ಶುರುಮಾಡಿ, ಅಪರಿಚಿತರು ಮೊದಲು ನೋಡುವುದು ಅವನ್ನೇ. ಕಂಪ್ಯೂಟರಿನಲ್ಲಿ studio.youtube.com ತೆರೆದು, ವಿಡಿಯೊ ಆರಿಸಿ Editor ಒತ್ತಿ. ಅಲ್ಲಿ Blur ಇದೆ. Face blur ಮುಖಗಳನ್ನು ತಾನೇ ಹುಡುಕಿ ತೋರಿಸುತ್ತದೆ, ಯಾವುದು ಬೇಕೋ ಆರಿಸಬೇಕು. Custom blur ನಿಮಗೆ ಬೇಕಾದ ಕಡೆ ಪೆಟ್ಟಿಗೆ ಎಳೆಯಲು. ಅಲ್ಲಿ ಕಪ್ಪು ಪಟ್ಟಿ ಹಾಕಲು ಆಗುವುದಿಲ್ಲ, ಹಾಗಾಗಿ ಈಗಾಗಲೇ ಹಾಕಿದ ವಿಡಿಯೊದ ಕ್ಯಾಲೆಂಡರ್, ಕಿಟಕಿಯಂತಹ ಅಲುಗದ ವಸ್ತುವಿಗೆ ಅದೇ ದಾರಿ, ಗುರುತು ಸಿಗದಷ್ಟು ದೊಡ್ಡದಾಗಿ ಎಳೆಯಿರಿ. ಲಿಂಕ್, ವ್ಯೂಸ್, ಕಾಮೆಂಟ್ ಯಾವುದೂ ಹೋಗುವುದಿಲ್ಲ. ಆದರೆ ಸೇವ್ ಆಗಲು ಗಂಟೆಗಟ್ಟಲೆ ಹಿಡಿಯಬಹುದು. ಅಲ್ಲಿಯವರೆಗೆ ಜನಕ್ಕೆ ಹಳೆಯದೇ ಕಾಣುತ್ತಿರುತ್ತದೆ. ಅದಕ್ಕೇ ಮೊದಲು Private ಮಾಡಿ, ಬ್ಲರ್ ಮುಗಿದ ಮೇಲೆ ಪೂರ್ತಿ ನೋಡಿ ಮತ್ತೆ ತೆರೆಯಿರಿ. ಈಗಾಗಲೇ ಯಾರಾದರೂ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದರೆ ಅದಕ್ಕೆ ಇದು ತಾಗುವುದಿಲ್ಲ. ನಿಮ್ಮ ಮಕ್ಕಳಿರುವ ತುಣುಕನ್ನು ಬೇರೆಯವರು ತಮ್ಮ ಚಾನೆಲ್‌ನಲ್ಲಿ ಹಾಕಿದ್ದು ಕಂಡರೆ ಯೂಟ್ಯೂಬ್‌ನ ಪ್ರೈವಸಿ ದೂರಿನ ಫಾರ್ಮ್ ತುಂಬಿ, ನಿಮಿಷ ಸೆಕೆಂಡ್ ಸಮೇತ.

ನಿಮ್ಮ ನಾಲ್ಕರಲ್ಲಿ ಅಕ್ಕಿರೊಟ್ಟಿಗೆ ಕ್ಯಾಲೆಂಡರ್ ಮೇಲೆ ಪೆಟ್ಟಿಗೆ, ಕೋಡುಬಳೆಗೆ ಕಿಟಕಿ ಪೂರ್ತಿ ಪೆಟ್ಟಿಗೆ. ಹೋಳಿಗೆಯಲ್ಲಿ ಮೈಕಿನ ಮಾತು ಬರುವ ಭಾಗವನ್ನು, ಮಗ ಗಾಜಿನಲ್ಲಿ ಕಾಣುವ ಭಾಗವನ್ನು Editorನಲ್ಲೇ ಕತ್ತರಿಸಿಬಿಡಿ. ಬರ್ತ್‌ಡೇಯದನ್ನು ಸರಿಪಡಿಸುವ ಪ್ರಯತ್ನ ಬೇಡ. ಅದು Private ಆಗಿಯೇ ಇರಲಿ, ಅಜ್ಜಿ ತಾತ ನೋಡಿಕೊಳ್ಳಲಿ. ಇನ್ನು ಮುಂದೆ ಹಬ್ಬ, ಬರ್ತ್‌ಡೇ, ಪ್ರವಾಸ ಯಾವುದನ್ನೂ ಅದೇ ದಿನ ಹಾಕಬೇಡಿ. "ನಾಳೆಯಿಂದ ನಾಲ್ಕು ದಿನ ಧರ್ಮಸ್ಥಳ" ಅಂತ ಹೇಳುವುದು ಮನೆ ಖಾಲಿ ಅಂತ ಹೇಳಿದ ಹಾಗೆ. ಬಂದ ಮೇಲೆ ಹಾಕಿ.

ಆ ಕಾಮೆಂಟ್‌ಗೆ ಉತ್ತರ ಕೊಡಬೇಡಿ. "ಅಲ್ಲ" ಅಂದರೂ ಅವರ ಊಹೆಗೆ ನೀವು ಗಮನ ಕೊಟ್ಟಿದ್ದು ಗೊತ್ತಾಗುತ್ತದೆ. ಮೊದಲು ಕಾಮೆಂಟ್, ಹಾಕಿದವರ ಚಾನೆಲ್ ಲಿಂಕ್, ದಿನಾಂಕ ಮೂರೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ Hide user from channel ಒತ್ತಿ. ಕೇಳಿದವರು ಸುಮ್ನೆ ಕುತೂಹಲದ ನೆರೆಯವರೇ ಇರಬಹುದು. ಆದರೆ ಬೇರೆ ಖಾತೆಯಿಂದ ಮತ್ತೆ ಬರೆದರೆ, ಮೆಸೇಜ್ ಮಾಡಿದರೆ, ಮಕ್ಕಳ ಬಗ್ಗೆ ಕೇಳಿದರೆ ಕಾಯಬೇಡಿ. ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹೋಗಿ, ಇಲ್ಲವೇ cybercrime.gov.inನಲ್ಲಿ ದೂರು ಕೊಡಿ. ಮಗಳ ಶಾಲೆಗೂ ಒಂದು ಮಾತು ತಿಳಿಸಿ. ನೀವು ಅಥವಾ ಯಜಮಾನರು ಬಿಟ್ಟು ಬೇರೆ ಯಾರು ಬಂದರೂ, ಫೋನ್ ಮಾಡಿ ಕೇಳದೆ ಮಗುವನ್ನು ಕಳಿಸಬಾರದು ಅಂತ ಬರೆದು ಕೊಡಿ.